ತಿರುಳು ಇದ್ದವು, ತಿರುಳು ಇಲ್ಲದವು

ತನುಜಾ ಬರೆದಿದ್ದ ಹತ್ತು ಅಂಶಗಳೂ ಸರಿಯಾಗಿದ್ದವು. ತಪ್ಪಿದ್ದದ್ದು ಎರಡು ತಲೆಬರಹ ಮಾತ್ರ. ಪ್ರೊಕ್ಯಾರಿಯೋಟ್ ಎಂದು ಬರೆದ ಕಡೆ ಯುಕ್ಯಾರಿಯೋಟಿನ ಗುಣಗಳೆಲ್ಲ ಸಾಲಾಗಿ ನಿಂತಿದ್ದವು, ಯುಕ್ಯಾರಿಯೋಟ್ ಎಂದು ಬರೆದ ಕಡೆ ಪ್ರೊಕ್ಯಾರಿಯೋಟಿನವು. ಐದು ಅಂಕದ ಪ್ರಶ್ನೆಗೆ ಸೊನ್ನೆ ಬಂದಿತ್ತು.

ಹಾನಗಲ್ಲಿನ ಪಿಯು ಕಾಲೇಜಿನಲ್ಲಿ ಆಕೆ ವಿಜ್ಞಾನದ ಮೊದಲ ವರ್ಷದಲ್ಲಿದ್ದಳು. ಹತ್ತನೆಯವರೆಗೆ ಊರ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗಿ. ಈಗ ಪುಸ್ತಕವೆಲ್ಲ ಇಂಗ್ಲಿಷು. ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದು ಆಕೆಗೆ ರೂಢಿಯಾಗಿತ್ತು. ಅಕ್ಕಿಆಲೂರು ರಸ್ತೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಕಣ್ಣು ಮುಚ್ಚಿ ಒಂದೊಂದೇ ಸಾಲು ಹೇಳಿಕೊಳ್ಳುತ್ತಿದ್ದಳು. ಸಾಲುಗಳು ತಲೆಯಲ್ಲಿ ಗಟ್ಟಿಯಾಗಿ ಉಳಿಯುತ್ತಿದ್ದವು. ಅವು ಯಾರ ಬಗ್ಗೆ ಹೇಳುತ್ತಿವೆ ಎಂಬುದು ಮಾತ್ರ ಉಳಿಯುತ್ತಿರಲಿಲ್ಲ.

ಜೀವಶಾಸ್ತ್ರದ ಉಪನ್ಯಾಸಕಿ ಜಯಶ್ರೀ ಮೇಡಂ ಕಿರುಪರೀಕ್ಷೆಯ ಹಾಳೆಗಳನ್ನು ಹಂಚಿ, ತರಗತಿ ಮುಗಿದ ಮೇಲೆ ತನುಜಾಳನ್ನು ಮಾತ್ರ ನಿಲ್ಲಿಸಿಕೊಂಡರು.

"ಎಲ್ಲಾ ಬರ್ದೀ, ಎಲ್ಲಾ ತಪ್ಪೈತಿ. ಹೆಂಗಾತವಾ ಇದು?"

ತನುಜಾ ಹಾಳೆಯನ್ನೇ ನೋಡಿದಳು. ಕಣ್ಣಲ್ಲಿ ನೀರು ನಿಂತಿತ್ತು.

"ನ್ಯೂಕ್ಲಿಯಸ್ ಇರೋದು ಯಾವುದ್ರಾಗ?"

"ಪ್ರೊ... ಅಲ್ರೀ, ಯುಕ್ಯಾರಿಯೋಟ್‌ನ್ಯಾಗ್ರಿ." ಹೇಳಿ ಮೇಡಂ ಮುಖ ನೋಡಿದಳು, ಸರಿಯೋ ತಪ್ಪೋ ಎಂದು ಅಲ್ಲಿ ಹುಡುಕುವಂತೆ.

"ಮಧ್ಯಂತರ ಪರೀಕ್ಷೆಗೆ ಇನ್ನ ಹದಿನೈದು ದಿನ ಅದಾವ. ಶನಿವಾರ ಪ್ರಾಕ್ಟಿಕಲ್‌ಗೂ ಬರಲಿಲ್ಲ ನೀ. ಎಲ್ಲಿ ಹೋಗಿದ್ದೀ?"

"ಶುಂಠಿ ಕೊಳ್ಯಾಕತ್ತೈತ್ರಿ. ಅಪ್ಪನ ಜೋಡಿ ಹೊಲಕ್ಕ ಹೋಗಿದ್ನಿ. ಬುಡಕ್ಕ ಔಷಧಿ ಹಾಕೂದಿತ್ತು."

"ಕೊಳಿ ನಿಂತಿತೇನ?"

"ಮ್ಯಾಲಿನ ಹೊಲದಾಗ ನಿಂತೈತ್ರಿ. ಕೆಳಗಿನ ಹೊಲದಾಗ ನಿಂತಿಲ್ಲ. ಅದ ಪ್ಯಾಕೆಟಿನ ಔಷಧಿ, ಅಷ್ಟ ನೀರು, ಎಲ್ಲಾ ಒಂದ ರೀತಿ ಹಾಕೀವ್ರಿ. ಎರಡು ಸಲ ಹಾಕೀವಿ."

ಜಯಶ್ರೀ ಮೇಡಂ ಕೈಯಲ್ಲಿದ್ದ ಪೆನ್ನನ್ನು ಮುಚ್ಚಿದರು. "ನಾಳೆ ಎರಡೂ ಹೊಲದಿಂದ ಒಂದೊಂದು ಗಿಡ ತಗೊಂಡು ಬಾ," ಎಂದರು. "ಬೇರು ಸಮೇತ ಕೀಳು. ಬ್ಯಾರೆ ಬ್ಯಾರೆ ಚೀಲದಾಗ ಹಾಕು, ಒಂದಕ್ಕೊಂದು ತಾಗಬಾರದು. ಆಮ್ಯಾಲ ಕೈ ಸಾಬೂನು ಹಚ್ಚಿ ತೊಳಕೋ."

ಮರುದಿನ ಸಂಜೆ ನಾಲ್ಕಕ್ಕೆ ಪ್ರಯೋಗಾಲಯದಲ್ಲಿ ಇಬ್ಬರೇ ಇದ್ದರು. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಮೇಜಿನ ಮೇಲೆ ಎರಡು ಗಾಜಿನ ಲೋಟದಲ್ಲಿ ತಿಳಿನೀರು ತುಂಬಿಟ್ಟು, ಮೇಡಂ ಮೇಲಿನ ಹೊಲದ ಗಿಡವನ್ನು ಮೊದಲು ತೆಗೆದರು. ಎಲೆಯ ತುದಿಗಳು ಹಳದಿಯಾಗಿದ್ದವು. ಬುಡ ನೀರುಗಟ್ಟಿ, ಸ್ವಲ್ಪ ಎಳೆದರೆ ಗಡ್ಡೆಯಿಂದ ಕಳಚಿ ಬರುವಂತಿತ್ತು. ಕೆಳಗಿನ ಹೊಲದ ಗಿಡದ ಎಲೆಗಳು ಸುರುಳಿ ಸುತ್ತಿ ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದವು. ಅದರ ಬುಡವೂ ನೀರುಗಟ್ಟಿತ್ತು. ಎರಡರಿಂದಲೂ ಕೆಟ್ಟ ವಾಸನೆ ಬರುತ್ತಿತ್ತು.

"ನಿಮ್ಮಪ್ಪಗ ಎರಡೂ ಒಂದ ರೋಗ ಅನಿಸಿದ್ರಾಗ ತಪ್ಪೇನಿಲ್ಲ," ಎಂದರು ಮೇಡಂ.

ಅವರು ಬ್ಲೇಡಿನಿಂದ ಎರಡೂ ಗಿಡಗಳ ಬುಡದಿಂದ ಬೆರಳುದ್ದದ ತುಂಡು ಕತ್ತರಿಸಿದರು. ಒಂದು ಗಿಡ ಆದ ಮೇಲೆ ಬ್ಲೇಡನ್ನೇ ಬದಲಿಸಿದರು. ತುಂಡುಗಳಿಗೆ ದಾರ ಕಟ್ಟಿ, ಕತ್ತರಿಸಿದ ತುದಿ ಮಾತ್ರ ನೀರಿನಲ್ಲಿ ಮುಳುಗುವಂತೆ ಒಂದೊಂದು ಲೋಟದಲ್ಲಿ ಇಳಿಬಿಟ್ಟರು.

"ಅಲುಗಾಡಿಸಬ್ಯಾಡ. ಸುಮ್ಮನ ನೋಡ್ಕೋತ ಕುಂಡ್ರು."

ಮೇಲಿನ ಹೊಲದ ತುಂಡಿದ್ದ ಮೊದಲ ಲೋಟದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲೂ ಏನೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ತನುಜಾಳ ಕಣ್ಣಿಗೆ ಒಂದು ಬಿಳಿ ಎಳೆ ಬಿತ್ತು. ಕತ್ತರಿಸಿದ ತುದಿಯಿಂದ, ನೂಲಿಗಿಂತ ಸಣ್ಣಗೆ, ಹಾಲಿನ ಬಣ್ಣದ್ದು. ಅದು ನೇರವಾಗಿ ಕೆಳಗಿಳಿಯಿತು. ಅದರ ಪಕ್ಕ ಇನ್ನೊಂದು. ಮತ್ತೆ ಮೂರು. ಅವಸರವಿಲ್ಲದೆ, ಸದ್ದಿಲ್ಲದೆ ಎಳೆಗಳು ಇಳಿಯುತ್ತಲೇ ಹೋದವು. ಲೋಟದ ತಳದಲ್ಲಿ ತೆಳ್ಳಗಿನ ಮಂಜು ಕಟ್ಟಿತು.

"ಮೇಡಂ, ಏನ್ರಿ ಇದು? ಗಿಡದ ಹಾಲೇನ್ರಿ?"

"ಅಲ್ಲ. ಆ ಎಳಿಯಾಗ ಇರೂವೆಲ್ಲ ಜೀವಂತ ಅದಾವ."

ತನುಜಾ ಲೋಟದಿಂದ ಮುಖವನ್ನು ಸ್ವಲ್ಪ ಹಿಂದೆ ತೆಗೆದುಕೊಂಡಳು.

"ಬ್ಯಾಕ್ಟೀರಿಯಾ. ಗಿಡ ನೀರು ಏರಿಸೋ ಕೊಳವಿ ಅದಾವಲ್ಲ, ಅದ್ರಾಗ ತುಂಬಿಕೊಂಡು ಕುಂತಿದ್ವು. ಅದಕ್ಕ ಎಲಿಗೆ ನೀರು ಹೋಗಿಲ್ಲ, ಬಾಡೈತಿ. ಈಗ ದಾರಿ ಸಿಕ್ತು, ಇಳ್ಯಾಕತ್ತಾವ. ನಮ್ಮ ದೇಶದಾಗ ಮಂದಿ ಎಷ್ಟೈತಿ, ಅದಕ್ಕಿಂತ ಹೆಚ್ಚು ಈ ಒಂದು ಲೋಟದಾಗ ಇಳೀತಾವ ನೋಡು."

ತನುಜಾ ಮತ್ತೆ ಬಗ್ಗಿ ನೋಡಿದಳು. ಎಳೆ ಇಳಿಯುತ್ತಲೇ ಇತ್ತು. ಅವಳ ತೋಳಿನ ಮೇಲೆ ರೋಮ ಎದ್ದಿದ್ದವು.

ಮೇಡಂ ಮೈಕ್ರೋಸ್ಕೋಪನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಮೊದಲು ಈರುಳ್ಳಿಯ ಸಿಪ್ಪೆಯ ಪೊರೆಗೆ ಬಣ್ಣ ಹಾಕಿ ತೋರಿಸಿದರು. ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಶಗಳು. ಪ್ರತಿಯೊಂದರಲ್ಲೂ ಗೋಡೆಯ ಮಗ್ಗುಲಿಗೆ ಒಂದು ದುಂಡನೆಯ ಕಪ್ಪು ಚುಕ್ಕೆ.

"ಆ ಚುಕ್ಕಿ ಏನು?"

"ಕೋಶಕೇಂದ್ರ. ನ್ಯೂಕ್ಲಿಯಸ್ರಿ."

"ಅದರ ಸುತ್ತ ಒಂದು ಪೊರಿ ಐತಿ. ಆ ಪೊರಿ ಒಳಗ ಡಿಎನ್‌ಎ ಪ್ರೋಟೀನಿಗೆ ಸುತ್ತಿಕೊಂಡು, ಕ್ರೋಮೋಸೋಮ್ ಆಗಿ, ಜೋಪಾನಾಗಿ ಕುಂತೈತಿ. ಗ್ರೀಕ್ ಭಾಷಾದಾಗ ಕ್ಯಾರಿಯಾನ್ ಅಂದ್ರ ಕಾಯಿ ಒಳಗಿನ ತಿರುಳು. ಯು ಅಂದ್ರ ನಿಜವಾದದ್ದು. ನಿಜವಾದ ತಿರುಳು ಇದ್ದದ್ದು ಯುಕ್ಯಾರಿಯೋಟ್. ಪ್ರೊ ಅಂದ್ರ ಮೊದಲು. ತಿರುಳು ಹುಟ್ಟೂದಕ್ಕಿಂತ ಮೊದಲಿನವು ಪ್ರೊಕ್ಯಾರಿಯೋಟ್."

ಇಷ್ಟು ದಿನ ಆ ಎರಡು ಶಬ್ದ ತನುಜಾಳಿಗೆ ಎರಡು ಸದ್ದುಗಳಾಗಿದ್ದವು ಅಷ್ಟೇ. ಒಂದರ ಬದಲು ಇನ್ನೊಂದು ಬಂದರೆ ಕಿವಿಗೆ ವ್ಯತ್ಯಾಸವಿರಲಿಲ್ಲ. ಈಗ ಬಾಯೊಳಗೇ ಮೆಲ್ಲಗೆ ಹೇಳಿಕೊಂಡಳು: ತಿರುಳಿಗೆ ಮೊದಲು. ನಿಜವಾದ ತಿರುಳು.

"ಎಷ್ಟು ಮೊದಲು ಮೇಡಂ?"

"ಸುಮಾರು ಮುನ್ನೂರೈವತ್ತು ಕೋಟಿ ವರ್ಷದ ಹಿಂದ ಅವು ಇದ್ವು ಅಂತ ಗುರುತು ಸಿಕ್ಕಾವ. ತಿರುಳಿರೋ ಕೋಶ ಬಂದದ್ದು ಆಮ್ಯಾಲ, ನೂರು ಕೋಟಿ ವರ್ಷಕ್ಕಿಂತ ಹೆಚ್ಚು ಕಳದ ಮ್ಯಾಲ. ಅಷ್ಟು ದಿನ ಈ ಭೂಮಿ ಮ್ಯಾಲ ತಿರುಳಿಲ್ಲದವುಗಳದ್ದ ರಾಜ್ಯ. ಗಿಡ ಇಲ್ಲ, ಹುಳ ಇಲ್ಲ, ಮೀನ ಇಲ್ಲ."

ಆಮೇಲೆ ಅವರು ಕೆಳಗಿನ ಹೊಲದ ಗಿಡದಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಮುಚ್ಚಿದರು. ತನುಜಾ ಕಣ್ಣಿಟ್ಟಳು. ಚೂರಿನ ಅಂಚಿನಿಂದ ಹೊಗೆ ಹೊರಡುತ್ತಿತ್ತು. ಮೇಡಂ ಮಸೂರ ಬದಲಿಸಿದಾಗ ಆ ಹೊಗೆ ಪುಡಿಪುಡಿಯಾಯಿತು. ಲೆಕ್ಕವಿಲ್ಲದಷ್ಟು ಕಣಗಳು, ಧೂಳಿಗಿಂತ ಸಣ್ಣವು, ಒಂದೂ ನಿಂತಲ್ಲಿ ನಿಲ್ಲದೆ ನಡುಗುತ್ತ, ಜಾರುತ್ತ ಹೊರಗೆ ಬರುತ್ತಿದ್ದವು.

"ಇವುಗಳ ಒಳಗ ಚುಕ್ಕಿ ಕಾಣಸ್ತೈತೇನ?"

"ಇಲ್ಲ್ರಿ. ಇವ ಚುಕ್ಕಿ ಆಗ್ಯಾವ್ರಿ."

ಮೇಡಂ ನಕ್ಕರು. "ಈರುಳ್ಳಿ ಕೋಶದ ಆ ಒಂದು ನ್ಯೂಕ್ಲಿಯಸ್ ಒಳಗ ಇಂಥವನ್ನ ನೂರಾರು ತುಂಬಬಹುದು. ಇದಕ್ಕ ನ್ಯೂಕ್ಲಿಯಸ್ ಪೊರಿ ಇಲ್ಲ. ಡಿಎನ್‌ಎ ಐತಿ, ಆದ್ರ ಬರೇ ಮೈಲೆ, ಸಾಮಾನ್ಯವಾಗಿ ಬಳಿ ಹಂಗ ದುಂಡಗ, ಒಂದು ಕಡೆ ಮುದ್ದಿಯಾಗಿ ಬಿದ್ದಿರತೈತಿ. ಆ ಜಾಗಕ್ಕ ನ್ಯೂಕ್ಲಿಯಾಯ್ಡ್ ಅಂತಾರ. ಮೈಟೋಕಾಂಡ್ರಿಯಾ ಇಲ್ಲ, ಗಾಲ್ಗಿ ಇಲ್ಲ. ಪೊರಿ ಕಟ್ಟಿಕೊಂಡ ಒಂದೂ ಅಂಗ ಇಲ್ಲ."

"ಹಂಗಾದ್ರ ಏನೂ ಇಲ್ಲೇನ್ರಿ ಅದರೊಳಗ?"

"ಇಲ್ಲ ಅನಬ್ಯಾಡ. ಹೊರಗ ಗೋಡಿ ಐತಿ, ಗೋಡಿ ಒಳಗ ಪೊರಿ ಐತಿ. ಪ್ರೋಟೀನ್ ಕಟ್ಟಾಕ ರೈಬೋಸೋಮ್ ಅದಾವ, ಸಾವಿರಾರು. ಸಣ್ಣ ಅಳತಿವು, ಎಪ್ಪತ್ತು ಎಸ್. ಈರುಳ್ಳಿಯಾಗ, ನಮ್ಮೊಳಗ ಇರೋವು ಎಂಬತ್ತು ಎಸ್. ಇಷ್ಟರಾಗ ಅದು ಉಣ್ಣತೈತಿ, ಬೆಳೀತೈತಿ, ಎರಡಾಗತೈತಿ. ಆ ಗಿಡ ಇಷ್ಟು ದೊಡ್ಡದು, ಇದು ಕಣ್ಣಿಗೆ ಕಾಣದ್ದು. ಯಾರು ಯಾರನ್ನ ಕೆಡವ್ಯಾರ ನೋಡು."

ಕಡೆಗೆ ಮೇಲಿನ ಹೊಲದ ಗಿಡದ ಕೊಳೆತ ಭಾಗವನ್ನು ಸೂಜಿಯಿಂದ ಬಿಡಿಸಿ ತೋರಿಸಿದರು. ಅಲ್ಲಿ ಹೊಗೆಯಿರಲಿಲ್ಲ. ಬಣ್ಣವಿಲ್ಲದ ಉದ್ದನೆಯ ದಾರಗಳು ಟಿಸಿಲೊಡೆದು ಹರಡಿದ್ದವು.

"ಇದು ಪಿಥಿಯಮ್. ಬೂಷ್ಟಿನಂಗ ಕಾಣತೈತಿ. ಬೂಷ್ಟಿನ ಜಾತಿ ಅಲ್ಲ, ಆದ್ರ ಯುಕ್ಯಾರಿಯೋಟ್ ಖರೆ. ಈ ದಾರದ ಒಳಗ ನ್ಯೂಕ್ಲಿಯಸ್ ಸಾಲಾಗಿ ಅದಾವ. ಬ್ಯಾರೆ ಬಣ್ಣ ಬೇಕು, ನಮ್ಮ ಲ್ಯಾಬಿನಾಗ ಅದು ಕಾಣಂಗಿಲ್ಲ."

ತನುಜಾ ಎರಡು ಲೋಟಗಳತ್ತ ನೋಡಿದಳು. ಒಂದರಲ್ಲಿ ನೀರು ತಿಳಿಯಾಗಿಯೇ ಇತ್ತು. ಇನ್ನೊಂದು ಗಂಜಿಯ ನೀರಿನಂತೆ ಕದಡಿತ್ತು.

"ಅದಕ್ಕೇನ್ರಿ ಔಷಧಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತಲಿಲ್ಲ?"

ಜಯಶ್ರೀ ಮೇಡಂ ಫೋನ್ ಕೈಗೆತ್ತಿಕೊಂಡರು. "ನನಗ ಅನಿಸೂದು ಹಂಗ. ಆದ್ರ ಇದು ನಿಮ್ಮ ಹೊಲದ ಮಾತು. ಗೊತ್ತಿದ್ದವರನ್ನ ಕೇಳೂಣು," ಎಂದು ಧಾರವಾಡದಲ್ಲಿ ಜೊತೆಗೆ ಓದಿದ್ದ ಸುನೀಲನಿಗೆ ಫೋನ್ ಹಚ್ಚಿದರು. ಸುನೀಲ ಈಗ ಸಸ್ಯರೋಗಗಳ ಸಂಶೋಧನೆಯಲ್ಲಿದ್ದ. ಲೋಟದ ಚಿತ್ರ ಕಳಿಸಿ, ತನುಜಾ ಗಿಡಗಳ ಜೊತೆ ತಂದಿದ್ದ ಖಾಲಿ ಪ್ಯಾಕೆಟಿನ ಮೇಲಿನ ಹೆಸರು ಓದಿ ಹೇಳಿದ ಮೇಲೆ ಅವನ ಧ್ವನಿ ಸ್ಪೀಕರಿನಲ್ಲಿ ಕೇಳಿತು.

"ಆ ಔಷಧಿ ಪಿಥಿಯಮ್‌ನ ನ್ಯೂಕ್ಲಿಯಸ್ ಒಳಗ ಕೆಲಸ ಮಾಡತೈತ್ರಿ. ಅಲ್ಲಿ ರೈಬೋಸೋಮಿಗೆ ಬೇಕಾದ ಆರ್‌ಎನ್‌ಎ ತಯಾರಾಗತೈತಲ್ಲ, ಆ ಯಂತ್ರಾನ ಬಂದ್ ಮಾಡತೈತಿ. ಬ್ಯಾಕ್ಟೀರಿಯಾಕ್ಕ ನ್ಯೂಕ್ಲಿಯಸ್ಸೂ ಇಲ್ಲ, ಆ ನಮೂನಿ ಯಂತ್ರಾನೂ ಇಲ್ಲ. ಇನ್ನ ಹತ್ತು ಸಲ ಸುರುವಿದ್ರೂ ಅದಕ್ಕ ಏನೂ ಆಗಂಗಿಲ್ಲ."

ತನುಜಾಗೆ ಒಂದು ಸಂಶಯ ಬಂತು. ಕೇಳಬೇಕೋ ಬೇಡವೋ ಎಂದು ಮೇಡಂ ಕಡೆ ನೋಡಿದಳು. ಅವರು ತಲೆಯಾಡಿಸಿದರು.

"ಸರ್, ಶುಂಠಿಗೂ ನ್ಯೂಕ್ಲಿಯಸ್ ಐತಲ್ರಿ? ಅದಕ್ಕ ಯಾಕ ಏನೂ ಆಗಂಗಿಲ್ಲ?"

"ಯಾರಿದು ಕೇಳಿದವರು?"

"ನನ್ನ ವಿದ್ಯಾರ್ಥಿನಿ," ಎಂದರು ಮೇಡಂ. ಅವರ ದನಿಯಲ್ಲಿ ಹೆಮ್ಮೆ ಇತ್ತು.

"ಚೊಲೊ ಕೇಳಿದೀವಾ. ಎರಡೂ ಕಡೆ ಅದ ಯಂತ್ರ ಇದ್ರೂ ಅದರ ರೂಪದಾಗ ಸಣ್ಣ ಫರಕ ಇರತೈತಿ. ಔಷಧಿ ಪಿಥಿಯಮ್‌ದಕ್ಕ ಹಿಡೀತೈತಿ, ಶುಂಠಿದಕ್ಕ ಅಷ್ಟು ಹಿಡ್ಯಂಗಿಲ್ಲ." ಆಮೇಲೆ ಅವನ ಮಾತು ಗಂಭೀರವಾಯಿತು. "ಕೆಳಗಿನ ಹೊಲದಾಗ ರೋಗ ಬಿದ್ದ ಮಡಿ ಉಳ್ಯಂಗಿಲ್ಲ. ಇದಕ್ಕ ಖಾತ್ರಿ ಔಷಧಿ ಇಲ್ಲ. ಕಿತ್ತು, ಚೀಲದಾಗ ತುಂಬಿ, ದೂರ ಒಯ್ದು ಆಳಕ್ಕ ಹೂಳಬೇಕು. ಕಿತ್ತ ಜಾಗಕ್ಕ ಬ್ಲೀಚಿಂಗ್ ಪೌಡರ್ ಹಾಕಬೇಕು. ಮುಖ್ಯ ಅಂದ್ರ, ಆ ಹೊಲದ ನೀರು ಇನ್ನೊಂದು ಹೊಲಕ್ಕ ಹರೀಬಾರದು."

ತನುಜಾಗೆ ಥಟ್ಟನೆ ಇಸ್ಮಾಯಿಲಸಾಬ ಕಾಕಾನ ಹೊಲ ಕಣ್ಣ ಮುಂದೆ ಬಂತು. ಅವರ ಕೆಳಗಿನ ಹೊಲದ ಬದುವಿಗೆ ಹತ್ತಿಕೊಂಡು ಇನ್ನೂ ತಗ್ಗಿನಲ್ಲಿತ್ತು ಅದು. ಮಳೆನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು. ಅಲ್ಲಿಯೂ ಶುಂಠಿಯೇ ಇತ್ತು, ಹಚ್ಚಗೆ.

ಮನೆಯಲ್ಲಿ ಆಕೆಯ ಮಾತನ್ನು ಅಪ್ಪ ಉಳವಪ್ಪ ಒಪ್ಪಲಿಲ್ಲ. ಸಿಟ್ಟಿನಿಂದಲ್ಲ, ಸುಮ್ಮನೆ ಒಪ್ಪಲಿಲ್ಲ. ಕೈ ತೊಳೆದು ಊಟಕ್ಕೆ ಕುಳಿತವನು ರೊಟ್ಟಿ ಮುರಿಯುತ್ತ ಹೇಳಿದ, "ಮ್ಯಾಲಿನ ಹೊಲದಾಗ ಹಿಡದ ಔಷಧಿ ಕೆಳಗೂ ಹಿಡೀತೈತಿ. ಅಲ್ಲಿ ಥಂಡಿ ಹೆಚ್ಚು, ತಡಾ ಆಗತೈತಿ ಅಷ್ಟ. ಬೆಳದ ಗಿಡ ಕೈಯಾರೆ ಕೀಳು ಅಂದ್ರ ಹೆಂಗ ಕೀಳ್ಲಿ?"

"ಅಪ್ಪಾ, ಎರಡೂ ಬ್ಯಾರೆ ಜೀವ ಅದಾವ. ಮನಷ್ಯಾಗೂ ಶುಂಠಿಗೂ ಇರೋ ಫರಕಕ್ಕಿಂತ ದೊಡ್ಡ ಫರಕ ಐತಿ ಅವೆರಡರ ನಡುವ."

ಉಳವಪ್ಪ ಮಗಳನ್ನು ನೋಡಿದ. ಅವಳೆಂದೂ ಹೀಗೆ ಮಾತಾಡಿದವಳಲ್ಲ. "ಅದೇನು ಹಂಗಂದ್ರ?"

"ನಾಳೆ ಹೊಲದಾಗ ತೋರಸ್ತೇನಿ."

ಅವ್ವ ಫಕ್ಕೀರವ್ವ ಗೋಡೆಯ ಮಾಡದಲ್ಲಿಟ್ಟಿದ್ದ ಗಾಜಿನ ಲೋಟಗಳನ್ನು ಕೊಟ್ಟಳು. ಬೀಗರು ಬಂದಾಗ ಮಾತ್ರ ತೆಗೆಯುವ ಲೋಟಗಳು. "ಒಡೀಬ್ಯಾಡ," ಎಂದಷ್ಟೇ ಹೇಳಿ, ಮರುದಿನ ಬೆಳಿಗ್ಗೆ ತಾನೂ ಹೊಲಕ್ಕೆ ಬಂದಳು.

ಮಳೆ ಬಿಟ್ಟಿತ್ತು. ಪಂಪಿನ ಮನೆಯ ಕಟ್ಟೆಯ ಮೇಲೆ ತನುಜಾ ಆರು ಲೋಟ ಸಾಲಾಗಿಟ್ಟು ಬೋರಿನ ನೀರು ತುಂಬಿದಳು. ಯಾವ ಮಡಿಯ ಗಿಡ ಯಾವ ಲೋಟಕ್ಕೆ ಎಂದು ಸುಣ್ಣದಿಂದ ಅಂಕಿ ಬರೆದಳು. ಬದುವಿನ ಆಚೆಯಿಂದ ಇಸ್ಮಾಯಿಲಸಾಬನೂ ಬಂದು ನಿಂತ. ಉಳವಪ್ಪನಿಗಿಂತ ಹತ್ತು ವರ್ಷ ಹಿರಿಯ. ಇಬ್ಬರೂ ಒಂದೇ ಬೋರಿನ ನೀರು ಹಂಚಿಕೊಂಡು ಇಪ್ಪತ್ತು ವರ್ಷವಾಗಿತ್ತು.

"ಏನವಾ ಇದು, ಸರಬತ್ ಮಾಡಾಕತ್ತೀ ಏನು?"

"ನೋಡ್ರಿ ಕಾಕಾ. ಮಾತಾಡಬ್ಯಾಡ್ರಿ, ಒಂದೈದು ನಿಮಿಷ."

ಮೊದಲು ಎಳೆ ಇಳಿದದ್ದು ನಾಲ್ಕನೆಯ ಲೋಟದಲ್ಲಿ. ಆಮೇಲೆ ಐದು, ಆರು. ಬೆಳಗಿನ ಓರೆ ಬಿಸಿಲು ಲೋಟಗಳ ಹಿಂದಿನಿಂದ ಬೀಳುತ್ತಿತ್ತು. ಆ ಬೆಳಕಿನಲ್ಲಿ ಬಿಳಿ ಎಳೆಗಳು ಹೊಳೆಯುತ್ತ ಇಳಿದವು. ಮೇಲಿನ ಹೊಲದ ಮೂರು ಲೋಟಗಳು ಹಾಗೆಯೇ ತಿಳಿಯಾಗಿದ್ದವು.

ಉಳವಪ್ಪ ಕಟ್ಟೆಯ ಮುಂದೆ ಮೊಣಕಾಲೂರಿ ಕುಳಿತ. ಮುಖವನ್ನು ಲೋಟದ ಮಟ್ಟಕ್ಕೆ ತಂದು ಬಹಳ ಹೊತ್ತು ನೋಡಿದ.

"ಇವು ಜೀವ ಅದಾವಂತೀ?"

"ಹೌದಪ್ಪಾ. ಒಂದೊಂದೂ ಒಂದು ಪೂರ್ತಿ ಜೀವ. ನಮ್ಮ ಮೈಯಾಗ ಕೋಟಿ ಕೋಟಿ ಕೋಶ ಕೂಡಿ ಒಬ್ಬ ಮನಷ್ಯಾ ಆಗ್ತಾನು. ಅಲ್ಲಿ ಒಂದ ಕೋಶ, ಅದ ಸಂಸಾರ, ಅದ ಮಂದಿ. ಕೋಶದ ನಡುವ ತಿರುಳಿನ ಖೋಲಿ ಇಲ್ಲ. ಡಿಎನ್‌ಎ ಬಯಲಾಗ ಬಿದ್ದಿರತೈತಿ. ಮ್ಯಾಲಿನ ಹೊಲದ ರೋಗಕ್ಕ ಆ ಖೋಲಿ ಐತಿ. ನೀ ಹಾಕಿದ ಔಷಧಿ ಆ ಖೋಲಿ ಒಳಗ ಹೋಗಿ ಕೆಲಸ ಕೆಡಸತೈತಿ. ಖೋಲೀನ ಇಲ್ಲದವಕ್ಕ ಅದು ಎಲ್ಲಿ ಹೋಗಿ ಕೆಡಸಬೇಕು?"

ಹೇಳುತ್ತ ಹೇಳುತ್ತ ತನುಜಾಗೆ ಒಂದು ಅರಿವಾಯಿತು: ತಾನು ಯಾವ ಸಾಲನ್ನೂ ನೆನಪು ಮಾಡಿಕೊಳ್ಳುತ್ತಿಲ್ಲ. ಕಣ್ಣೆದುರಿಗೆ ಇದ್ದದ್ದನ್ನು ನೋಡಿ ಹೇಳುತ್ತಿದ್ದಾಳೆ.

"ಹೋದ ವರ್ಷ ಇದ ಹೊಲದಾಗ ಟೊಮೆಟೊ ನಿಂತಲ್ಲೇ ಹಸರಗ ಬಾಡಿತ್ತಲ್ಲ," ಎಂದಳು ಫಕ್ಕೀರವ್ವ ಮೆಲ್ಲಗೆ. "ನೀರು ಹೆಚ್ಚಾತು ಅಂದ್ರಿ ನೀವು."

ಉಳವಪ್ಪ ಹೆಂಡತಿಯ ಕಡೆ ತಿರುಗಿದ. ಅವನಿಗೂ ಅದು ನೆನಪಾದದ್ದು ಮುಖದಲ್ಲಿ ಕಂಡಿತು. "ಆವಾಗಿನಿಂದ ಮಣ್ಣಾಗ ಇದ್ದುವೇನು?"

"ಇರಬಹುದಪ್ಪಾ, ಮೇಡಂ ಹೇಳಿದ್ರು. ಟೊಮೆಟೊ, ಮೆಣಸಿನಕಾಯಿ, ಬದನಿಕಾಯಿ ಇಂಥಾದ್ದಕ್ಕ ಅವು ಬರ್ತಾವಂತ. ಮಣ್ಣಾಗ ಬಾಳ ದಿನ ಇರ್ತಾವಂತ."

ಇಸ್ಮಾಯಿಲಸಾಬ ಬದುವಿನ ಕಡೆ ನೋಡಿದ. ನೀರು ಎತ್ತಲಿಂದ ಎತ್ತ ಹರಿಯುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೋಗಿ ತನ್ನ ಹೊಲದಿಂದ ನಾಲ್ಕು ಗಿಡ ಕಿತ್ತು ತಂದ. ಬದುವಿಗೆ ಹತ್ತಿದ ಮಡಿಯದೊಂದು ಗಿಡ ಮಾತ್ರ ಎಳೆ ಬಿಟ್ಟಿತು. ಉಳಿದವುಗಳ ನೀರು ತಿಳಿಯಾಗಿಯೇ ಇತ್ತು.

"ಎಳಿ ಬಂತಂದ್ರ ರೋಗ ಐತಿ ಅನ್ನೋದು ಖಾತ್ರಿ ಕಾಕಾ. ಬರಲಿಲ್ಲ ಅಂದ್ರ ಇಲ್ಲ ಅಂತ ಖಾತ್ರಿ ಇಲ್ಲ. ಹೊಸದಾಗಿ ಹತ್ತಿದ್ರ ಕಾಣಂಗಿಲ್ಲ. ಮತ್ತ ಮತ್ತ ನೋಡಬೇಕು."

ಉಳವಪ್ಪ ಎದ್ದು ನಿಂತ. ಇಸ್ಮಾಯಿಲಸಾಬನ ಮುಖ ನೋಡುವುದು ಅವನಿಗೆ ಕಷ್ಟವಾಯಿತು. "ಅಣ್ಣಾ, ನನ್ನ ಹೊಲದ ನೀರ ಬಂದು..."

"ನೀ ಕಳಿಸಿದ್ದಲ್ಲ. ಕಣ್ಣಿಗೆ ಕಾಣದ್ದಕ್ಕ ಯಾರೇನು ಮಾಡ್ಯಾರು?" ಎಂದ ಇಸ್ಮಾಯಿಲಸಾಬ. "ಈಗ ಕಂಡೈತಿ. ಸಲಕಿ ತಗೊಂಡ ಬಾ, ಮೊದಲ ನೀರು ತಡಿಯೂಣು."

ಅಂದು ಮಧ್ಯಾಹ್ನದವರೆಗೆ ಇಬ್ಬರೂ ಬದುವಿನ ಉದ್ದಕ್ಕೂ ಕಾಲುವೆ ತೋಡಿ, ನೀರನ್ನು ಹಳ್ಳಕ್ಕಲ್ಲ, ಉಳವಪ್ಪನದೇ ಬೀಳುಬಿದ್ದ ತಗ್ಗಿಗೆ ತಿರುಗಿಸಿದರು. ಮುಂದಿನ ನಾಲ್ಕು ದಿನ ಕೆಳಗಿನ ಹೊಲದ ಶುಂಠಿ ಕೀಳುವ ಕೆಲಸ ನಡೆಯಿತು. ತನುಜಾ ಕಾಲೇಜಿಗೆ ಹೋಗುವ ಮೊದಲು ಒಂದು ತಾಸು ಲೋಟಗಳ ಮುಂದೆ ಕೂರುತ್ತಿದ್ದಳು. ಎಳೆ ಕಂಡ ಮಡಿಗೂ ಅದರ ಅಕ್ಕಪಕ್ಕದ ಮಡಿಗಳಿಗೂ ಕೋಲು ನೆಡುತ್ತಿದ್ದಳು. ಉಳವಪ್ಪ ಕೋಲು ಕಂಡಲ್ಲಿ ಕೀಳುತ್ತಿದ್ದ. ಒಂದು ಹೊಲದ ಸಲಿಕೆಯನ್ನು ತೊಳೆಯದೆ ಇನ್ನೊಂದಕ್ಕೆ ಒಯ್ಯುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹೊಲ ಬರಿದಾಯಿತು. ಕಿತ್ತು ಮುಗಿದ ದಿನ ಸಂಜೆ ಆತ ಬರಿದಾದ ಮಡಿಗಳ ನಡುವೆ ಒಬ್ಬನೇ ನಿಂತಿದ್ದುದನ್ನು ತನುಜಾ ಬಸ್ಸಿಳಿದು ಬರುವಾಗ ದೂರದಿಂದ ಕಂಡಳು. ಬಳಿಗೆ ಹೋದಾಗ ಆತ ಬೆಳೆಯ ಮಾತೇ ಎತ್ತಲಿಲ್ಲ.

"ಈ ಮಣ್ಣು ತುಳದು ತುಳದು ನಲವತ್ತು ವರ್ಷ ಆತು," ಎಂದ. "ಕಾಲ ಕೆಳಗ ಇಷ್ಟು ಮಂದಿ ಐತಿ ಅಂತ ನನಗ ಗೊತ್ತ ಇರಲಿಲ್ಲ ನೋಡು."

"ಎಲ್ಲಾ ಕೆಟ್ಟವಲ್ಲಪ್ಪಾ. ಶೇಂಗಾದ ಬೇರಿನ ಗಂಟಿನಾಗ ಇರೋವೂ ಪ್ರೊಕ್ಯಾರಿಯೋಟ್. ಅವು ಗಾಳಿಯಾಗಿನ ನೈಟ್ರೋಜನ್ ಹಿಡದು ಗಿಡಕ್ಕ ಕೊಡ್ತಾವು. ಮೊಸರು ಮಾಡೋವೂ ಅವ."

ಮನೆಗೆ ನಡೆಯುವಾಗ ಉಳವಪ್ಪ ಎಂದಿಗಿಂತ ಮೆಲ್ಲಗೆ ಹೆಜ್ಜೆಯಿಟ್ಟ.

ಪರೀಕ್ಷೆಗೆ ಮೂರು ದಿನವಿದ್ದಾಗ ತನುಜಾ ಅದೇ ಅಧ್ಯಾಯವನ್ನು ಮೊದಲಿನಿಂದ ಓದಲು ಕುಳಿತಳು. ಈ ಸಲ ನಿಧಾನಕ್ಕೆ, ಪ್ರತಿ ಸಾಲಿಗೂ ನಿಂತು. ಮೈಟೋಕಾಂಡ್ರಿಯಾದ ಕುರಿತ ಸಾಲಿಗೆ ಬಂದಾಗ ಅವಳಿಗೆ ಪುಸ್ತಕದಲ್ಲೇ ತಪ್ಪಿದೆಯೇನೋ ಅನಿಸಿತು. ಮೈಟೋಕಾಂಡ್ರಿಯಾ ಯುಕ್ಯಾರಿಯೋಟಿನ ಅಂಗ. ಆದರೆ ಅದರೊಳಗೆ ದುಂಡನೆಯ ಡಿಎನ್‌ಎ ಇದೆ, ಎಪ್ಪತ್ತು ಎಸ್ ರೈಬೋಸೋಮುಗಳಿವೆ ಎಂದಿತ್ತು. ಎಲೆಯ ಕ್ಲೋರೋಪ್ಲಾಸ್ಟಿನ ಕುರಿತೂ ಅದನ್ನೇ ಬರೆದಿತ್ತು. ಹಿಂದೆ ಇದೇ ಸಾಲನ್ನು ಬಾಯಿಪಾಠ ಮಾಡಿದ್ದಳು. ಆಗ ಏನೂ ಅನಿಸಿರಲಿಲ್ಲ.

ಮರುದಿನ ಬಸ್ಸಿಳಿದವಳು ಓಡುತ್ತಲೇ ಹೋಗಿ, ಕಾಲೇಜಿನ ಪಡಸಾಲೆಯಲ್ಲಿ ಮೇಡಂ ಸಿಕ್ಕ ಕೂಡಲೇ ಕೇಳಿದಳು. "ಮೇಡಂ, ಅದು ಪ್ರೊಕ್ಯಾರಿಯೋಟಿನ ಗುಣ ಅಲ್ರಿ? ಇದರೊಳಗ ಹೆಂಗ ಬಂತ್ರಿ?"

ಜಯಶ್ರೀ ಮೇಡಂ ನಿಂತರು. ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡು ಹುಡುಗಿಯ ಮುಖವನ್ನೇ ನೋಡಿದರು.

"ಇಪ್ಪತ್ತು ವರ್ಷದಾಗ ಈ ಪ್ರಶ್ನೆ ಕೇಳಿದವರು ಇಬ್ಬರೋ ಮೂವರೋ," ಎಂದರು. "ಬಂದದ್ದು ಹೆಂಗ ಅಂದ್ರ, ಅದೂ ಒಂದು ಕಾಲಕ್ಕ ಬ್ಯಾಕ್ಟೀರಿಯಾನ ಆಗಿತ್ತು. ತನ್ನ ಪಾಡಿಗೆ ತಾ ಇದ್ದದ್ದು. ಇನ್ನೊಂದು ಕೋಶ ಅದನ್ನ ಒಳಗ ಸೇರಿಸಿಕೊಂಡ್ತು. ಕರಗಿಸಲಿಲ್ಲ. ಇದೂ ಸಾಯಲಿಲ್ಲ. ಒಳಗ ಉಳದು ಅದಕ್ಕ ಶಕ್ತಿ ಮಾಡಿಕೊಡಾಕತ್ತಿತು. ಹಂಗ ಕೋಟಿ ಕೋಟಿ ವರ್ಷ ಆತು. ವಿಜ್ಞಾನಿಗಳು ಈಗ ಒಪ್ಪಿರೋ ಮಾತು ಇದು. ಎರಡು ಪೊರಿ ಐತಿ ಅಂತ ಓದೀಯಲ್ಲ? ಈಗೂ ಅದು ತನ್ನ ಡಿಎನ್‌ಎ ಸ್ವಲ್ಪ ತನ್ನ ಕಡೆನ ಇಟ್ಕೊಂಡೈತಿ, ಬ್ಯಾಕ್ಟೀರಿಯಾದಂಗ ತಾನ ಎರಡಾಗತೈತಿ."

"ನಮ್ಮೊಳಗೂನ್ರಿ?"

"ನಿನ್ನೊಳಗೂ. ನೀ ಬಸ್‌ಸ್ಟ್ಯಾಂಡಿನಿಂದ ಓಡಿ ಬಂದೀಯಲ್ಲ, ಆ ಶಕ್ತಿ ಬಹುಪಾಲು ಅವ ಕೊಟ್ಟದ್ದು."

ಗಂಟೆ ಬಾರಿಸಿತು. ಹುಡುಗರು ಅತ್ತಿತ್ತ ತಳ್ಳಿಕೊಂಡು ತರಗತಿಗೆ ನುಗ್ಗಿದರು. ತನುಜಾ ಕಂಬಕ್ಕೆ ಒರಗಿ ನಿಂತೇ ಇದ್ದಳು. ಇನ್ನೂ ಏದುಸಿರು ಬಿಡುತ್ತಿದ್ದಳು. ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಬಡಿದುಕೊಳ್ಳುತ್ತಿದ್ದುದು ತನ್ನೊಬ್ಬಳದೇ ಅಲ್ಲ ಎನಿಸಿತು. ತಿರುಳಿಲ್ಲದವು, ತಿರುಳಿದ್ದವು ಎಂದು ಎರಡು ಕಡೆ ಬರೆದು ನಡುವೆ ಗೆರೆ ಎಳೆಯುವುದು ಸುಲಭವಿತ್ತು. ಆ ಗೆರೆ ದಾಟಿ ಒಂದು ಇನ್ನೊಂದರೊಳಗೆ ಬಂದು ಕುಳಿತಿದೆ ಎಂಬುದು ಈಗ ಗೊತ್ತಾಗಿತ್ತು. ಅದಿಲ್ಲದಿದ್ದರೆ ತಾನೂ ಇಲ್ಲ, ಅಪ್ಪನೂ ಇಲ್ಲ, ಶುಂಠಿಯೂ ಇಲ್ಲ.

ಮಧ್ಯಂತರ ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಬರಲಿಲ್ಲ. ಎರಡೂ ಬಗೆಯ ಕೋಶಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದಿತ್ತು. ಬಾಯಿಪಾಠ ಮಾಡಿ ಬಂದವರು ಗೊಣಗಿದರು. ತನುಜಾ ಮೊದಲು ಸಣ್ಣದನ್ನು ಬರೆದಳು: ಗೋಡೆ, ಒಳಪೊರೆ, ನಡುವೆ ಸುತ್ತಿ ಬಿದ್ದ ಡಿಎನ್‌ಎ, ಅದರ ಸುತ್ತ ಗೆರೆಯೇ ಇಲ್ಲ, ಚುಕ್ಕೆ ಚುಕ್ಕೆಯಾಗಿ ರೈಬೋಸೋಮು. ಆಮೇಲೆ ದೊಡ್ಡದು, ಜೋಡಿಪೊರೆಯ ಕೋಶಕೇಂದ್ರದೊಂದಿಗೆ. ಅದರ ಮೈಟೋಕಾಂಡ್ರಿಯಾದೊಳಗೆ ಪುಟ್ಟದೊಂದು ಬಳೆಯನ್ನೂ ಬರೆದಳು. ಯಾರೂ ಅದನ್ನು ಕೇಳಿರಲಿಲ್ಲ. ಐದಕ್ಕೆ ಐದು ಬಂತು. ಭೌತಶಾಸ್ತ್ರದಲ್ಲಿ ಮಾತ್ರ ಕಷ್ಟಪಟ್ಟು ಪಾಸಾದಳು.

ಅಂಕಪಟ್ಟಿಗೆ ಸಹಿ ಹಾಕಲು ಪಾಲಕರನ್ನು ಕರೆಸಿದ ದಿನ ಉಳವಪ್ಪ ಮೊದಲ ಸಲ ಮಗಳ ಕಾಲೇಜಿಗೆ ಬಂದ. ಬಿಳಿ ಅಂಗಿ ತೊಟ್ಟು, ಟವೆಲ್ ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದ.

"ಬರ್ರಿ, ಕುಂಡ್ರಿ," ಎಂದರು ಜಯಶ್ರೀ ಮೇಡಂ. "ಹೊಲ ಹೆಂಗೈತ್ರಿ?"

"ಮ್ಯಾಲಿಂದು ಉಳದೈತ್ರಿ ಮೇಡಮ್ಮಾರ. ಕೆಳಗ ಉಳದ ಮಡಿ ಇನ್ನೂ ಗಟ್ಟಿ ನಿಂತಾವ. ಇಸ್ಮಾಯಿಲಣ್ಣನ ಒಂದ ಮಡಿ ಹೋತು, ಉಳದದ್ದು ಹಚ್ಚಗೈತಿ. ಕೆಳಗಿನ ಹೊಲದಾಗ ಮುಂದ ಎರಡ್ಮೂರು ವರ್ಷ ಭತ್ತ, ಗೋವಿನಜೋಳ ಅಷ್ಟ." ಸ್ವಲ್ಪ ತಡೆದು, ಮೇಜಿನ ಮೇಲಿನ ಮೈಕ್ರೋಸ್ಕೋಪಿನ ಕಡೆ ನೋಡುತ್ತ ಕೇಳಿದ, "ಅದರಾಗ ನನಗೊಮ್ಮೆ ನೋಡಾಕ ಕೊಡ್ತೀರೇನ್ರಿ?"

"ಏನು ನೋಡ್ತೀರಿ?"

ಉಳವಪ್ಪ ಮಗಳ ಕಡೆ ನೋಡಿದ. ಉತ್ತರ ಕೊಟ್ಟವಳು ತನುಜಾ. "ಅಪ್ಪಂದ ತೋರಸ್ತೇನ್ರಿ ಮೇಡಂ."

ಬಾಯಿ ಮುಕ್ಕಳಿಸಿ ಬರಲು ಹೇಳಿ, ಒಂದು ಕಡ್ಡಿಯ ಚಪ್ಪಟೆ ತುದಿಯಿಂದ ಅಪ್ಪನ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಸವರಿದಳು. ಗಾಜಿನ ಪಟ್ಟಿಗೆ ಒರೆಸಿ, ಒಣಗಿಸಿ, ನೀಲಿ ಬಣ್ಣದ ಒಂದು ಹನಿ ಬಿಟ್ಟಳು. ಹೆಚ್ಚಾದದ್ದನ್ನು ತೊಳೆದು, ಮುಚ್ಚಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಸರಿಮಾಡಿದಳು. ಮೇಡಂ ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದರು, ಏನನ್ನೂ ಹೇಳಿಕೊಡಲಿಲ್ಲ.

"ಒಂದು ಕಣ್ಣು ಇಲ್ಲಿ ಹಚ್ಚಪ್ಪಾ. ಇನ್ನೊಂದು ಮುಚ್ಚಬ್ಯಾಡ."

ಉಳವಪ್ಪ ಬಗ್ಗಿದ. ಮೊದಲು ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಬೆಳಕು ಕಂಡಿತು. ಆ ಬೆಳಕಿನಲ್ಲಿ ತೆಳ್ಳಗಿನ ಒಂದು ನೀಲಿ ಹಾಳೆ, ಅಂಚು ಸ್ವಲ್ಪ ಮಡಚಿದ್ದು, ತೇಲುತ್ತಿರುವ ಮೋಡದ ತುಣುಕಿನಂತೆ. ಅದರ ನಡುವೆ ದುಂಡಗೆ, ದಟ್ಟ ನೀಲಿಯ ಒಂದು ಬೊಟ್ಟು.

"ಅದು ನಿಂದ ಅಪ್ಪಾ. ನಿನ್ನ ಒಂದು ಕೋಶ. ನಡುವ ಇರೋದು ತಿರುಳು. ನಿನ್ನ ಕಣ್ಣಿನ ಬಣ್ಣ, ನಿನ್ನ ಎತ್ತರ, ಅಜ್ಜನಿಂದ ನಿನಗ ಬಂದದ್ದು, ನಿನ್ನಿಂದ ನನಗ ಬಂದದ್ದು, ಅದನ್ನೆಲ್ಲಾ ಬರದ ಬರಹ ಹೆಚ್ಚೂಕಡಿಮಿ ಪೂರ್ತಿ ಅದರೊಳಗ ಐತಿ."

ಆತ ಉಸಿರು ಬಿಗಿಹಿಡಿದಿದ್ದ.

"ಹಾಳಿ ಮ್ಯಾಲ ಸಣ್ಣ ಸಣ್ಣ ಹುಡಿ ಬಿದ್ದಂಗ ಕಾಣತೈತಲ್ಲ, ಅದೇನು? ಬಣ್ಣ ಸರಿ ತೊಳದಿಲ್ಲೇನು ನೀ?"

ತನುಜಾ ತಾನೊಮ್ಮೆ ನೋಡಿದಳು. ನೋಡಿ ಅವಳ ಮೈ ಜುಮ್ಮೆಂದಿತು. ನೀಲಿ ಹಾಳೆಯ ಮೇಲೆ ಕೆಲವು ಕಡೆ ಸಣ್ಣ ಸಣ್ಣ ಚುಕ್ಕೆಗಳು, ಕೆಲವು ಒಂಟಿಯಾಗಿ, ಕೆಲವು ಜೋಡಿಯಾಗಿ ಅಂಟಿಕೊಂಡಿದ್ದವು. ಒಳಗೆ ಬೊಟ್ಟಿಲ್ಲದವು.

"ಹುಡಿ ಅಲ್ಲಪ್ಪಾ. ಅವೂ ಬ್ಯಾಕ್ಟೀರಿಯಾ. ತಿರುಳಿಲ್ಲದವು. ನಿನ್ನ ಬಾಯಾಗ ಇರೋವು."

ಉಳವಪ್ಪ ತಲೆಯೆತ್ತಿ ಮಗಳನ್ನೂ ಮೇಡಮ್ಮನ್ನೂ ನೋಡಿದ. "ಯಾವಾಗಿನಿಂದ?"

"ನೀ ಹುಟ್ಟಿದಾಗಿನಿಂದ. ಎಲ್ಲರ ಬಾಯಾಗೂ ಇರ್ತಾವು."

ಆತ ಮತ್ತೆ ಬಗ್ಗಿದ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಹೆಗಲ ಮೇಲಿನ ಟವೆಲ್ ಜಾರಿ ಕೆಳಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ. ಸಹಿ ಹಾಕಲು ಬಂದ ಬೇರೆ ಪಾಲಕರು ಬಾಗಿಲಲ್ಲಿ ನಿಂತು ಇಣುಕಿದರು. ಜಯಶ್ರೀ ಮೇಡಂ ಅವರಿಗೆ ಸುಮ್ಮನಿರುವಂತೆ ಸನ್ನೆ ಮಾಡಿದರು.

"ಮೇಡಮ್ಮಾರ," ಎಂದ ಉಳವಪ್ಪ, ಕಣ್ಣು ತೆಗೆಯದೆ, "ಇನ್ನ ಸ್ವಲ್ಪ ಹೊತ್ತು ನೋಡಿದ್ರ ನಡೀತೈತೇನ್ರಿ?"